ಹೊಳೆಯಾಚೆಯ ಆಸ್ಪತ್ರೆ

ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದ ಡ್ರೈವರಣ್ಣ ತಮಾಷೆ ಮಾಡದೆ ಬಾಯಿ ತೆರೆದವನೇ ಅಲ್ಲ. ಆ ನಗು ನಿಂತದ್ದು ಆಚೆ ದಡದ ದರ್ಜಿ ಹೆಂಗಸಿನ ಮಗಳಿಗೆ ಉಬ್ಬಸ ಕೆರಳಿದ ದಿನ.

ಅವರ ಮನೆಯ ಕಿಟಕಿಗೆ ಆಸ್ಪತ್ರೆ ಎದುರಿಗೇ ಕಾಣುತ್ತಿತ್ತು. ನೇರ ಗೆರೆ ಎಳೆದರೆ ಒಂದೇ ಕಿಲೋಮೀಟರ್. ಆದರೆ ರಸ್ತೆ ದಡ ಹಿಡಿದು ಸೇತುವೆಯವರೆಗೆ ಹೋಗಿ, ಹೊಳೆ ದಾಟಿ, ಗುಡ್ಡ ಬಳಸಿ ಹಿಂದಕ್ಕೆ ಬರುತ್ತದೆ, ಒಟ್ಟು ಹನ್ನೊಂದು ಕಿಲೋಮೀಟರ್. ಕರೆ ಬಂದೊಡನೆ ಅವನು ಜೀವದ ಹಂಗು ತೊರೆದು ಓಡಿಸಿದ. ಅವರ ಮನೆ ಬಾಗಿಲು ಮುಟ್ಟುವಷ್ಟರಲ್ಲಿ ಹುಡುಗಿಯ ಉಸಿರು ನಿಂತಿತ್ತು.

"ಅಲ್ಲೇ ಕಾಣ್ತಿತ್ತಲ್ಲಣ್ಣ, ಇಷ್ಟು ಹೊತ್ತು ಎಲ್ಲಿದ್ದೆ?" ಎಂದಳು ತಾಯಿ.

"ರಸ್ತೆ ಸೇತುವೆ ಸುತ್ತಿ ಬರುತ್ತಮ್ಮ..." ಎಂದ ಅವನು.

ಆಮೇಲೆ ಅವನು ಮೇಲಧಿಕಾರಿಯ ಬೆನ್ನು ಬಿಡಲಿಲ್ಲ. "ನಕ್ಷೆ ನೋಡಿ ಹತ್ತಿರ ಅನ್ಬೇಡಿ ಸಾರ್, ದಾರಿ ಅಳೀರಿ. ಒಂದು ಗಾಡಿ, ಆಕ್ಸಿಜನ್ ಸಮೇತ, ಆ ದಡದಲ್ಲೇ ನಿಲ್ಲಲಿ. ಮನೆ ತಲುಪೋ ಹೊತ್ತಾದ್ರೂ ಉಳಿಯುತ್ತೆ." ವರ್ಷ ಕಳೆದ ಮೇಲೆ ಅಪ್ಪಣೆಯಾಯಿತು. ಆ ಗಾಡಿಗೆ ಅವನೇ ಕೇಳಿ ಹೋದ.

ಗಾಡಿ ಬಂದು ನಿಂತ ದಿನ ದರ್ಜಿ ಹೆಂಗಸು ಅವನಿಗೆ ಒಂದು ಲೋಟ ನೀರು ತಂದುಕೊಟ್ಟಳು.

"ಆಗ್ಲೇ ಇಲ್ಲಿ ಇರಬಾರದಿತ್ತಾ ಅಣ್ಣ?" ಎಂದಳು. ಕೋಪವಿರಲಿಲ್ಲ. ಅವನು ಲೋಟ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತ.