ಗೋಡೆ ಮೇಲಿನ ಸೋಪು

ಎಂಬತ್ತರ ದಶಕದಲ್ಲಿ ನಾನು ಮಧುಗಿರಿಯ ಒಂದು ಬಟ್ಟೆಸೋಪಿನ ಕಾರ್ಖಾನೆಯಲ್ಲಿ ಮಾರ್ಕೆಟಿಂಗ್ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರೇನೋ ದೊಡ್ಡದು. ಕೈಕೆಳಗಿದ್ದವರು ಗೋಡೆ ಬರೆಯುವ ಇಬ್ಬರು ಪೇಂಟರುಗಳು ಮಾತ್ರ. ಮುಂದಿನ ಮೂರು ತಿಂಗಳಿಗೆ ಜಾಹೀರಾತಿನ ಹಣ ಹೆಚ್ಚಿಸಲು ನಾನು ಯಜಮಾನರನ್ನು ಒಪ್ಪಿಸಬೇಕಿತ್ತು. ಹಣ ಹೆಚ್ಚಿಸದಿದ್ದರೆ ಪೇಂಟರುಗಳಿಗೆ ಕೆಲಸವಿಲ್ಲ ಎಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು.

ಅದಕ್ಕೇ ಒಂದು ಪರೀಕ್ಷೆ ಮಾಡಿದ್ದೆ. ಶಿರಾ ತಾಲ್ಲೂಕಿನಲ್ಲಿ ಗೋಡೆ ಬರೆಸಿ, ಟೆಂಟ್ ಸಿನಿಮಾದಲ್ಲಿ ಸ್ಲೈಡ್ ಹಾಕಿಸಿದೆ. ಕೊರಟಗೆರೆಯಲ್ಲಿ ಏನೂ ಮಾಡಲಿಲ್ಲ. ಬೆಲೆ, ಅಂಗಡಿಯವರ ಕಮಿಷನ್ ಎರಡು ಕಡೆಯೂ ಒಂದೇ. ಕೊನೆಗೆ ನೋಡಿದರೆ ಕೊರಟಗೆರೆಯ ಮಾರಾಟ ಇದ್ದಲ್ಲೇ ಇತ್ತು, ಶಿರಾದ್ದು ಏರಿತ್ತು. ಆದರೆ ಖರ್ಚು ಹುಟ್ಟುವಷ್ಟು ಏರಿರಲಿಲ್ಲ.

ಕಾರಣ ತಿಳಿಯಲು ಶಿರಾ ತಾಲ್ಲೂಕಿನ ತಾವರೆಕೆರೆಯ ಒಂದು ಅಂಗಡಿಯಲ್ಲಿ ಹೋಗಿ ಕೂತೆ. ಕುರಿ ಕಾಯುವವರ ಮನೆಯ ಹೆಂಗಸೊಬ್ಬಳು ಬಂದು, “ಅಣ್ಣಾ, ಆ ಗೋಡೆ ಮ್ಯಾಲಿನ ಸೋಪು ಒಂದ್ ತುಂಡು ಕೊಡು” ಅಂದಳು. ನನಗೆ ಎದ್ದು ಕುಣಿಯಬೇಕೆನಿಸಿತು. ಅಂಗಡಿಯವನು ಬೇರೆ ಯಾವುದೋ ಅಗ್ಗದ ಸೋಪಿನ ಉದ್ದನೆಯ ಬಾರನ್ನು ತಂತಿಯಲ್ಲಿ ಕೊಯ್ದು ಒಂದು ತುಂಡು ಕೊಟ್ಟ. ಅವಳು ಸೆರಗಿಗೆ ಕಟ್ಟಿಕೊಂಡು ಹೋದಳು.

ನಾನು ರೇಗಿದೆ. ಅವನು ನಕ್ಕ. “ಕೊಯ್ದ ಮ್ಯಾಲೆ ಯಾವ್ದಾದ್ರೇನ್ ಸಾರ್? ನಿಮ್ ಹೆಸ್ರು ಇರೋದು ಬಾರಿನ ಒಂದ್ ತುದೀಲಿ. ಇದ್ರಾಗೆ ನಂಗೆ ಜಾಸ್ತಿ ಉಳೀತದೆ.”

ಸುತ್ತಲಿನ ಅಂಗಡಿಗಳಲ್ಲೂ ಇದೇ ಕಥೆ. ಮನಸ್ಸು ಕೆಟ್ಟು ಮನೆಗೆ ಬಂದು, ಯಜಮಾನರ ಮುಂದೆ ಓದಬೇಕಾದ್ದನ್ನು ಹೊಸದಾಗಿ ಬರೆದೆ: ಜನ ಕೇಳುತ್ತಿರುವುದು ನಮ್ಮ ಸೋಪು, ಅವರಿಗೆ ಸಿಗುತ್ತಿರುವುದು ಬೇರೆಯವರದು. ಮೊದಲು ಪ್ರತಿ ತುಂಡಿನ ಮೇಲೂ ಹೆಸರು ಬೀಳುವಂತೆ ಅಚ್ಚು ಬದಲಾಯಿಸಿ, ಆಮೇಲೆ ಪಾವಗಡ, ಕೊರಟಗೆರೆಗೆ ಜಾಹೀರಾತಿನ ಹಣ ಹೆಚ್ಚಿಸಿ. ಅಚ್ಚು ಬದಲಾಗದಿದ್ದರೆ ಹೆಚ್ಚಿಸಬೇಡಿ. ಈ ಕೊನೆಯ ಮಾತು ಬರೆಯುವಾಗ ಪೇಂಟರುಗಳ ಮುಖ ನೆನಪಾಗಿ ಸಂಕಟವಾಯಿತು. ಆದರೂ ಬರೆದೆ, ಮರುದಿನ ಓದಿಯೂಬಿಟ್ಟೆ.

ಯಜಮಾನರು ಕಣ್ಣರಳಿಸಿದರು. ಸೋಪಿಗಿದ್ದದ್ದು ಅವರ ತಂದೆಯ ಹೆಸರು. “ಜನ ಕೇಳ್ತವ್ರೆ ಅಂದ್ಯಲ್ಲ, ಅಷ್ಟು ಸಾಕು ಕಣಯ್ಯ! ಗೋಡೆ ಮ್ಯಾಲೆ ನಮ್ಮಪ್ಪನ ಹೆಸ್ರು ಎಷ್ಟ್ ಚೆಂದ ಕಾಣ್ತದೆ. ಎಲ್ಲಾ ಕಡೆ ಬರ್ಸು. ಅಚ್ಚು ಆಮ್ಯಾಕೆ ನೋಡಾನ.”

“ಸಾರ್, ನಮ್ ದುಡ್ಡಲ್ಲಿ ಬೇರೆಯೋರ ಸೋಪು ಮಾರಿದಂಗಾಗ್ತದೆ” ಅಂದೆ.

“ದುಡ್ ಬೇಡ ಅನ್ನೋ ಮ್ಯಾನೇಜರ್ನ ಇವತ್ತೇ ಕಂಡಿದ್ದು” ಅಂತ ನಕ್ಕುಬಿಟ್ಟರು.

ಪೇಂಟರುಗಳು ನನ್ನ ಕೈ ಹಿಡಿದು ಸಂತೋಷಪಟ್ಟರು. ಅವರ ಕೆಲಸ ಉಳಿದದ್ದಕ್ಕೆ ನನಗೂ ಖುಷಿಯೇ. ಆದರೆ ಅವರು ಬಣ್ಣ ಕಲೆಸುವುದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಕೆಲವು ತಿಂಗಳ ಮೇಲೆ ಚನ್ನರಾಯನದುರ್ಗದಲ್ಲಿದ್ದ ಅಮ್ಮನನ್ನು ನೋಡಲು ಹೋದೆ. ಓದು ಬಾರದ ಅವಳು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. “ನಮ್ಮೂರ್ ಗ್ವಾಡೆ ಮ್ಯಾಲೂ ಬರ್ದವ್ರೆ ಕಣಪ್ಪ. ಈಗ ನಿನ್ ಸೋಪೇ ತರೋದು ನಾನು” ಅಂದಳು. ತುಂಡನ್ನು ಕೈಗೆ ತೆಗೆದುಕೊಂಡು ಮೂಸಿದೆ. ನಮ್ಮದಾಗಿರಲಿಲ್ಲ.

“ಹೆಂಗೈತಮ್ಮ?” ಅಂದೆ.

“ನೊರೇನೇ ಬರಾಕಿಲ್ಲ,” ಅಂದಳು ಅಮ್ಮ. “ಆದ್ರೂ ನಿಂದಲ್ವಾ ಅಂತ ತರ್ತೀನಿ.”