ಏರಿದ ಬೆಲೆ, ಇಳಿದ ವ್ಯಾಪಾರ, ತಪ್ಪು ಉತ್ತರ

ನನಗೆ ಬೇಗ ಸಿಟ್ಟು ಬರುತ್ತದೆ. ಮನುಷ್ಯರ ಮೇಲೆ ಬಂದರೆ ಹೇಗೋ ನುಂಗಿಕೊಳ್ಳಬಹುದು, ಯಂತ್ರದ ಮೇಲೆ ಬಂದರೆ ತೋಡಿಕೊಳ್ಳುವುದು ಯಾರ ಹತ್ತಿರ? ಆ ವರ್ಷ ಶಿಗ್ಗಾಂವಿಯ ಕಾಳಿನ ಅಂಗಡಿಯೊಂದರಲ್ಲಿ ಕುಳಿತು ಒಂದು ಟ್ಯಾಬ್ಲೆಟ್ಟಿನ ಜೊತೆ ಅರ್ಧ ತಾಸು ಜಗಳವಾಡಿದ್ದೆ.

ದೇಶದ ಬಡ್ಡಿ ದರ ನಿರ್ಧರಿಸುವ ಕೇಂದ್ರ ಬ್ಯಾಂಕಿನ ಸಂಶೋಧನಾ ವಿಭಾಗದಲ್ಲಿ ನಾನು ಕಿರಿಯ ಅಧಿಕಾರಿ. ದರ ತೀರ್ಮಾನಿಸುವ ಸಮಿತಿ ಸೇರುವ ಮುಂಚೆ ಊರೂರುಗಳಿಂದ ವ್ಯಾಪಾರದ ಸುದ್ದಿ ತರಬೇಕು. ಹಾನಗಲ್ಲಿನಲ್ಲಿ ಹುಟ್ಟಿದವಳು ಎಂಬ ಒಂದೇ ಅರ್ಹತೆಯ ಮೇಲೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕನ್ನೂ ನನ್ನ ತಲೆಗೆ ಕಟ್ಟಿದ್ದರು. ಹೊರದೇಶದಲ್ಲಿ ಎಲ್ಲೋ ಯುದ್ಧ ಹತ್ತಿಕೊಂಡು ಡೀಸೆಲ್ಲು, ಅಡುಗೆ ಎಣ್ಣೆ ಎರಡೂ ಏರಿದ್ದ ದಿನಗಳು.

ಟ್ಯಾಬ್ಲೆಟ್ಟಿನಲ್ಲಿದ್ದ ಪ್ರಶ್ನಾವಳಿಗೆ ಶಿಗ್ಗಾಂವಿಯ ಕಾಳಿನ ವ್ಯಾಪಾರಿ ಉತ್ತರ ಹೇಳಿದರು: ಬೆಲೆ ಏರಿದೆ, ಮಾರಾಟ ಇಳಿದಿದೆ. ನಾನು ಎರಡನ್ನೂ ಒತ್ತಿದೆ. ಪರದೆ ಕೆಂಪಾಯಿತು. 'ಉತ್ತರಗಳು ಹೊಂದಿಕೆಯಾಗುತ್ತಿಲ್ಲ. ದಯವಿಟ್ಟು ಮತ್ತೆ ಕೇಳಿ.' ಮತ್ತೆ ಕೇಳಿದೆ. ಅದೇ ಉತ್ತರ, ಅದೇ ಕೆಂಪು. ಮೂರನೆಯ ಸಲ ಕೇಳಿದಾಗ ಅವರಿಗೆ ನಾನು ಆದಾಯ ತೆರಿಗೆಯವಳೇ ಎಂದು ಖಾತ್ರಿಯಾಗಿ, ಚಹಾ ತರಿಸುವುದನ್ನು ರದ್ದು ಮಾಡಿದರು.

ಬೆಂಗಳೂರಿನ ನಮ್ಮ ಸಾಹೇಬರಿಗೆ ಫೋನು ಮಾಡಿದೆ. ಆ ತಂತ್ರಾಂಶವನ್ನು ಯಾವುದೋ ಖಾಸಗಿ ಕಂಪನಿ ಒಳ್ಳೆಯ ಕಾಲದಲ್ಲಿ ಬರೆದಿತ್ತಂತೆ. ಕೊಳ್ಳುವವರು ಹೆಚ್ಚಿದರೆ ಬೆಲೆ ಏರಬೇಕು, ಕಡಿಮೆಯಾದರೆ ಇಳಿಯಬೇಕು, ಅಷ್ಟೇ ಅದಕ್ಕೆ ಗೊತ್ತು. "ಎರಡರಲ್ಲಿ ಒಂದನ್ನು ಸರಿ ಮಾಡಿಬಿಡಿ" ಎಂದರು ಸಾಹೇಬರು, ಅಕ್ಷರದೋಷ ತಿದ್ದಲು ಹೇಳಿದ ಹಾಗೆ.

ಹಾನಗಲ್ಲಿನ ಅಕ್ಕಿ ಗಿರಣಿಯಲ್ಲೂ ಪರದೆ ಕೆಂಪು. ಹಿರೇಕೆರೂರಿನ ಬಟ್ಟೆ ಅಂಗಡಿಯಲ್ಲೂ ಕೆಂಪು. ವ್ಯಾಪಾರ ಮಲಗಿದೆ, ಬೆಲೆ ಎದ್ದು ಓಡಾಡುತ್ತಿದೆ. ಪುಸ್ತಕದಲ್ಲಿ ಇದನ್ನೇ ಸ್ಟ್ಯಾಗ್‌ಫ್ಲೇಶನ್ ಎಂದು ಓದಿ ಪಾಸಾಗಿದ್ದೆ. ಓದುವಾಗ ಅದು ಎರಡು ಅಂಕದ ಟಿಪ್ಪಣಿಯಾಗಿತ್ತು.

ಕಡೆಗೆ ಸವಣೂರು. ಅಲ್ಲಿ ಖಾರಾ ಕರಿದು ಮಾರುವವರೊಬ್ಬರ ಭಟ್ಟಿಗೆ ಹೋದೆ. ನಾಲ್ಕು ಒಲೆಗಳಲ್ಲಿ ಎರಡು ತಣ್ಣಗಿದ್ದವು. ಉರಿಯುತ್ತಿದ್ದ ಒಂದರ ಮುಂದೆ ವಯಸ್ಸಾದ ಕರಿಯುವವರು ಜಾರಿ, ಅಂದರೆ ತೂತಿನ ಸೌಟು, ಹಿಡಿದು ನಿಂತಿದ್ದರು. ಒಂದು ಕಾಗದದ ತುಂಡಿನಲ್ಲಿ ಬಿಸಿ ಖಾರಾ ಹಾಕಿ ನನ್ನ ಕೈಗಿತ್ತು ಮತ್ತೆ ಎಣ್ಣೆಯ ಕಡೆ ತಿರುಗಿದರು. ಸರ್ಕಾರಿ ಕೆಲಸದ ಮೇಲೆ ಬಂದವಳು ಏನನ್ನೂ ತಿನ್ನಬಾರದು ಎಂಬ ನಿಯಮವಿದೆ. ತಿಂದೆ.

ಮಾಲಕರು ಮಾತಿನ ಮನುಷ್ಯ. ನನ್ನ ಪ್ರಶ್ನೆ ಮುಗಿಯುವ ಮುಂಚೆ ತಮ್ಮ ಪ್ರಶ್ನೆ ಹಾಕಿದರು: ನಿಮ್ಮ ಬ್ಯಾಂಕು ಬಡ್ಡಿ ಏರಿಸುತ್ತದಂತೆ, ಅದರಿಂದ ಎಣ್ಣೆಯ ರೇಟು ಇಳಿಯುತ್ತದೆಯೇ? ಇಲ್ಲ ಎಂದೆ. ಎಣ್ಣೆ ಹಡಗಿನಲ್ಲಿ ಬರುತ್ತದೆ, ನಮ್ಮ ಬಡ್ಡಿಗೆ ಹೆದರಿ ಅದು ಅಗ್ಗವಾಗುವುದಿಲ್ಲ. ಬಡ್ಡಿ ಏರಿದರೆ ಜನ ಕೊಳ್ಳುವುದು ಕಡಿಮೆಯಾಗುತ್ತದೆ, ಹಾಗೆ ನಿಧಾನಕ್ಕೆ ಬೆಲೆ ತಗ್ಗುತ್ತದೆ. "ಕೊಳ್ಳಾವ್ರ ಈಗ ಇಲ್ಲಲ್ರೀ, ಇನ್ನ ಯಾರನ್ನ ಕಡಿಮಿ ಮಾಡ್ತೀರಿ?" ಎಂದರು. ಹಾಗಾದರೆ ಇಳಿಸಲಿ ಎಂದರು. ಇಳಿಸಿದರೆ ಸಾಲ ಅಗ್ಗವಾಗಿ ಎಲ್ಲರೂ ಕೊಳ್ಳಲು ಹೊರಡುತ್ತಾರೆ, ಇರುವ ಎಣ್ಣೆ ಅಷ್ಟೇ, ಬೆಲೆ ಇನ್ನೂ ಮೇಲಕ್ಕೆ ಹೋಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ, ಇಷ್ಟು ಹೇಳಲಿಕ್ಕೆ ನಿಮಗೆ ಪಗಾರ ಎಷ್ಟು ಕೊಡುತ್ತಾರೆ ಎಂದು ಕೇಳಿದರು.

ಅಲ್ಲಿ ನಾನು ಸಿಕ್ಕಿಬಿದ್ದೆ. ಬೆಲೆ ಏರಿದಂತೆ ನನ್ನ ತುಟ್ಟಿಭತ್ಯೆ ತಾನೇ ಏರುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು. ಪಗಾರ ಮತ್ತು ಬೆಲೆ ಒಂದರ ಬಾಲ ಒಂದು ಹಿಡಿದು ಏರುವುದೇ ದೊಡ್ಡ ಅಪಾಯ ಎಂದು ಹಿಂದಿನ ತಿಂಗಳಷ್ಟೇ ಹದಿನಾಲ್ಕು ಪುಟ ಬರೆದವಳು ನಾನು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ನಾಚಿಕೆಯ ನಗು.

ಆಗ ಗೋಡೆಯ ಮೇಲೊಂದು ಚೀಟಿ ಕಂಡಿತು. ಬರುವ ತಿಂಗಳ ಖಾರಾದ ಏರಿಸಿದ ರೇಟು, ಈ ತಿಂಗಳೇ ಅಂಟಿಸಿದ್ದರು. ಒಮ್ಮೆ ಏರಿದ ಎಣ್ಣೆ ಮತ್ತೆ ಏರಿಲ್ಲವಲ್ಲ, ಈಗಲೇ ಯಾಕೆ ಎಂದೆ. "ಏರೇ ಏರ್ತೈತ್ರಿ ಅಕ್ಕಾರ. ಎಣ್ಣಿಯವ್ರೂ ಹಂಗ ಅಂತಾರ. ಈ ನಮ್ಮ ಅಜ್ಜಾನೂ ಮುಂದಿನ ತಿಂಗಳಿಂದ ಪಗಾರ ಹೆಚ್ಚು ಮಾಡ್ರಿ ಅಂದಾನ. ಭಟ್ಟಿ ಸಾಲದ ಬಡ್ಡಿನೂ ಏರಿಸಿದ್ರ ಮಾತ್ರ ಒಬ್ಬರನ್ನ ಕೆಲಸ ಬಿಡಸಬೇಕಾಕ್ಕೈತಿ" ಎಂದರು. ಒಲೆಯ ಮುಂದಿದ್ದ ಅಜ್ಜ ತಿರುಗಿ ನೋಡಲಿಲ್ಲ. ಬಿಡಿಸುವುದು ಅವರನ್ನೇ ಎಂದು ಮೂವರಿಗೂ ಗೊತ್ತಿತ್ತು.

ಬೆಂಗಳೂರಿಗೆ ಬಂದು ನಿದ್ದೆಗೆಟ್ಟೆ. ಮಾರಾಟ ಏರಿದೆ ಎಂದು 'ಸರಿ' ಮಾಡಿದರೆ, ಪೇಟೆ ಕುದಿಯುತ್ತಿದೆ ಎಂದಾಗಿ ಬಡ್ಡಿ ಏರಿಸಲು ಕಾರಣ ಸಿಗುತ್ತದೆ, ಅಜ್ಜನ ಕೆಲಸ ಹೋಗುತ್ತದೆ. ಬೆಲೆ ಇಳಿದಿದೆ ಎಂದರೆ ಅಜ್ಜ ಉಳಿಯಬಹುದು, ಆದರೆ ಅದು ಹಸಿ ಸುಳ್ಳು. ನಾನು ಎರಡನ್ನೂ ಮಾಡದೆ, ಕೆಂಪು ಉತ್ತರಗಳನ್ನು ಹಾಗೇ ಇಟ್ಟು ಕಂಡದ್ದನ್ನೆಲ್ಲ ಎರಡು ಪುಟ ಬರೆದು ಸಾಹೇಬರ ಮೇಜಿನ ಮೇಲೆ ಕುಕ್ಕಿದೆ. ವ್ಯಾಪಾರ ಸೋತಿದೆ ಎಂದು ಬರೆದೆ, ಏರಿಸಬೇಡಿ ಎಂಬ ಆಸೆಯಿಂದಲೇ. ಪ್ರಾಮಾಣಿಕಳಲ್ಲವೇ, ಆ ಚೀಟಿಯ ವಿಷಯವನ್ನೂ ಬರೆದೆ. ಸಾಹೇಬರು ನಿಟ್ಟುಸಿರು ಬಿಟ್ಟು ಕಳಿಸಿದರು.

ಸಮಿತಿಗೆ ಹೋದ ದೊಡ್ಡ ವರದಿಯಲ್ಲಿ ನನ್ನ ಎರಡು ಪುಟ ಒಂದು ಸಾಲಾಯಿತು: ವ್ಯಾಪಾರ ಸೋತಿದೆ, ಆದರೂ ಮುಂದಿನ ತಿಂಗಳ ರೇಟನ್ನು ಈಗಲೇ ಏರಿಸುತ್ತಿದ್ದಾರೆ. ಅದರ ಮೊದಲರ್ಧ ಹಿಡಿದು ಒಬ್ಬ ಸದಸ್ಯರು ಬಡ್ಡಿ ಏರಿಸಬೇಡಿ ಎಂದರಂತೆ. ಎರಡನೆಯ ಅರ್ಧ ಹಿಡಿದು ಇನ್ನೊಬ್ಬರು, ಏರಿಸಲೇಬೇಕು ಎಂದರಂತೆ. ಅವರ ವಾದ ಇಷ್ಟು: ಬೆಲೆ ಏರಿಯೇ ಏರುತ್ತದೆ ಎಂದು ಜನ ನಂಬಿ ಮುಂಚಿತವಾಗಿ ಚೀಟಿ ಅಂಟಿಸತೊಡಗಿದರೆ, ಆ ನಂಬಿಕೆಯೇ ಬೆಲೆ ಏರಿಸುತ್ತದೆ. ಅದನ್ನು ಈಗ ಮುರಿಯದಿದ್ದರೆ ಮುಂದೆ ಇನ್ನೂ ಹೆಚ್ಚು ಕೆಲಸಗಳು ಹೋಗುತ್ತವೆ. ಅಂಥ ಚೀಟಿಗಳ ಸುದ್ದಿ ನನ್ನದೊಂದೇ ಅಲ್ಲ, ಎಲ್ಲ ಕಡೆಯಿಂದಲೂ ಬಂದಿತ್ತು. ಬಡ್ಡಿ ಏರಿತು. ಆ ವಾದ ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಮುಂದಿನ ಸುತ್ತಿಗೆ ಸವಣೂರಿಗೆ ಹೋದಾಗ ಭಟ್ಟಿಯಲ್ಲಿ ಮಾಲಕರೇ ಜಾರಿ ಹಿಡಿದಿದ್ದರು. ಖಾರಾ ಅರ್ಧ ಕಪ್ಪಾಗಿತ್ತು. ಮುಂದಿನ ತಿಂಗಳ ರೇಟು ಈಗ ಹಾಕುವುದಿಲ್ಲ, ಹಾಕಿದರೆ ಕೊಳ್ಳುವವರೇ ಇಲ್ಲ ಎಂದರು.

ಅಜ್ಜ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಿಕ್ಕರು. ನನ್ನ ಗುರುತು ಹಿಡಿದು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನು ಏನೇನೋ ತಡವರಿಸಿದೆ; ನಾನು ಸುತ್ತಿದ ನಾಲ್ಕು ಊರು, ಕೇಳಿದ ಮಾಲಕರು, ಹೊರದೇಶ, ಹಡಗು, ಎಣ್ಣೆ, ಸಮಿತಿ. ಅವರು ಪೂರ್ತಿ ಕೇಳಿದರು.

"ನಾಕೂ ಊರಾಗ ಮಾಲಕರನ್ನಷ್ಟ ಕೇಳಿ ಹ್ವಾದ್ರಿ ಅಕ್ಕಾರ. ಅವತ್ತ ನಾನೂ ಅಲ್ಲೇ ನಿಂತಿದ್ನಿ. ನನ್ನ ಒಂದ ಮಾತ ಕೇಳಿದ್ರ ಹೇಳ್ತಿದ್ನಿ, ಪಗಾರ ಹೆಚ್ಚು ಮಾಡೂದು ಬ್ಯಾಡ, ಕೆಲಸ ಬಿಡಸಬ್ಯಾಡ್ರಿ ಅಂತ."

ನನ್ನ ಪ್ರಶ್ನಾವಳಿಯಲ್ಲಿ ಕರಿಯುವವರಿಗೆ ಕೇಳಬೇಕಾದ ಪ್ರಶ್ನೆ ಒಂದೂ ಇರಲಿಲ್ಲ. ಇಲ್ಲವಲ್ಲ ಎಂದು ನನಗೂ ಹೊಳೆದಿರಲಿಲ್ಲ.