ಎರಡು ಬೀದಿಯಾಚೆಯ ತವರುಮನೆ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಹೀಗಾಗಿ ಮನೆಗೆ ಬರುವ ಮುದ್ರಿತ ಕಾಗದಗಳನ್ನೆಲ್ಲ ಓದಿ ಅರ್ಥ ಹೇಳುವ ಹೊಣೆ ನನ್ನದು. ಚೊಚ್ಚಲ ಬಸಿರಿನ ಐದನೆಯ ತಿಂಗಳಿನಲ್ಲಿ ದಾವಣಗೆರೆಯಲ್ಲಿ ಮಾಡಿಸಿದ ನನ್ನದೇ ಸ್ಕ್ಯಾನಿಂಗ್ ವರದಿಯನ್ನೂ ನಾನೇ ಓದಿದೆ. ಜರಾಯುವು ಗರ್ಭಕೊರಳಿನ ಒಳಬಾಯಿಯನ್ನು ಮುಚ್ಚಿದೆ ಎಂದು ಅತ್ತೆಯವರಿಗೆ ಶುದ್ಧ ಕನ್ನಡದಲ್ಲಿ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಜರಾಯು ಎಂಬುದು ಯಾವ ರೋಗವೆಂದು ವಿಚಾರಿಸಿದರು. ಮಾಸು ಎಂದೊಡನೆ ಅವರಿಗೆ ಎಲ್ಲವೂ ತಿಳಿಯಿತು.

ಸ್ಕ್ಯಾನಿಂಗ್ ವೈದ್ಯರು ಹೊಟ್ಟೆಯ ಮೇಲಿನಿಂದ ನೋಡಿದ್ದು ಸಾಲದೆಂದು, ಮೂತ್ರಕ್ಕೆ ಹೋಗಿಬರಲು ಹೇಳಿ, ಒಳಗಿನಿಂದಲೂ ನೋಡಿ ಖಚಿತಪಡಿಸಿಕೊಂಡಿದ್ದರು. ಮಾಸಿನ ಅಂಚು ಬಾಯಿಗೆ ಎರಡು ಸೆಂಟಿಮೀಟರಿಗಿಂತ ಹತ್ತಿರವಿದ್ದರೆ ಅದು ಕೆಳಗೆ ಕೂತ ಮಾಸು. ಬಾಯಿಯನ್ನೇ ಮುಚ್ಚಿದ್ದರೆ ಪ್ಲಸೆಂಟಾ ಪ್ರಿವಿಯಾ. ನನ್ನದು ಎರಡನೆಯದು. ಗರ್ಭ ಬೆಳೆಯುತ್ತ ಅದರ ಕೆಳಭಾಗ ಹಿಗ್ಗಿದಾಗ ಹೆಚ್ಚಿನವರಲ್ಲಿ ಮಾಸು ತಾನಾಗಿಯೇ ದೂರ ಸರಿಯುತ್ತದೆಂದೂ, ಎಂಟನೆಯ ತಿಂಗಳಲ್ಲಿ ಮತ್ತೆ ನೋಡಬೇಕೆಂದೂ ಹೇಳಿದರು.

ಹೆರಿಗೆ ವೈದ್ಯೆಯವರು ಹೇಳಿದ್ದನ್ನು ನಾನು ಪಟ್ಟಿ ಮಾಡಿಕೊಂಡೆ. ತುಂಬಿದ ಕೊಡ ಎತ್ತಬಾರದು. ಕುಲುಕಾಡುವ ದೂರದ ಪ್ರಯಾಣ ಬೇಡ. ಗಂಡಹೆಂಡತಿ ಸೇರಬಾರದು. ಒಳಗೆ ಬೆರಳಿಟ್ಟು ಪರೀಕ್ಷಿಸಲು ಯಾರಿಗೂ ಬಿಡಬಾರದು. ನೋವಿಲ್ಲದಿದ್ದರೂ ಸರಿ, ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಇಡೀ ದಿನ ಮಲಗಿರುವ ಅಗತ್ಯವಿಲ್ಲ, ಮನೆಯೊಳಗೆ ಓಡಾಡಬಹುದು. ಇದನ್ನು ದುಂಡಗಿನ ಅಕ್ಷರಗಳಲ್ಲಿ ಪ್ರತಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸುವಾಗ, ಸಭ್ಯತೆಗಾಗಿ ಮೂರನೆಯ ಸೂಚನೆಯನ್ನು ಕೈಬಿಟ್ಟೆ. ಕ್ರಮಸಂಖ್ಯೆ ತಿದ್ದಲು ಮರೆತೆ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಅತ್ತೆಯವರು ಒಂದು, ಎರಡು, ನಾಲ್ಕು ಎಂದು ಬೆರಳಿಟ್ಟು ಓದಿದರು. ಅಂದೇ ನನ್ನ ಗಂಡನ ಹಾಸಿಗೆ ನಡುಮನೆಗೆ ಬಂತು.

ಎಂಟನೆಯ ತಿಂಗಳಿನ ಸ್ಕ್ಯಾನಿಂಗಿನಲ್ಲೂ ಮಾಸು ಇದ್ದಲ್ಲೇ ಇತ್ತು. ಮೂವತ್ತೇಳನೆಯ ವಾರದ ಹೊತ್ತಿಗೆ ಸಿಸೇರಿಯನ್ ಮಾಡುವುದಾಗಿಯೂ, ಅಲ್ಲಿಯವರೆಗೆ ರಕ್ತ ಸಿಗುವ ಆಸ್ಪತ್ರೆಯ ಸಮೀಪದಲ್ಲೇ ಇರಬೇಕೆಂದೂ ವೈದ್ಯೆ ಹೇಳಿದರು. ನನ್ನ ತವರು ಕೊಕ್ಕನೂರು. ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ. ನನ್ನನ್ನು ಕರೆದೊಯ್ಯಲು ಬಂದ ಅವ್ವನಿಗೆ ನಾನು ವರದಿಯ ಮೂರೂ ಪುಟಗಳನ್ನು ತಾಳ್ಮೆಯಿಂದ ವಿವರಿಸಿದೆ.

“ಅದೆಲ್ಲ ಖರೇನವ್ವಾ. ಅತ್ತೆ ಮನ್ಯಾಗೆ ಬಾಣಂತನ ಆದ್ರೆ ಊರಾಗೆ ನಾನು ಹೆಂಗೆ ತಲೆ ಎತ್ತಿ ತಿರುಗಾಡ್ಲಿ?” ಎಂದಳು ಅವ್ವ.

ಅವ್ವನೇ ಇಲ್ಲಿ ಬಂದು ಇರಲಿ ಎಂದು ಅತ್ತೆಯವರು ಸೂಚಿಸಿದರು. ಬೀಗರ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೇ ಸಂಕೋಚಪಡುವವಳು ಎರಡು ತಿಂಗಳು ಉಣ್ಣುವುದುಂಟೇ? ಅವ್ವ ಮುಖ ಗಂಟು ಹಾಕಿಕೊಂಡೇ ಹರಿಹರದ ಬಸ್ಸು ಹತ್ತಿದಳು.

ನಾಲ್ಕನೆಯ ದಿನ, ಸ್ಟೌ, ಎರಡು ಚೀಲ ಅಕ್ಕಿ ಮತ್ತು ಬಾಣಂತಿ ಖಾರದ ಡಬ್ಬಿಯೊಂದಿಗೆ ಮರಳಿ ಬಂದಳು. ಸರಸ್ವತಿ ನಗರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿಯಾಚೆ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಅತ್ತೆಯವರು ಶಾಸ್ತ್ರೋಕ್ತವಾಗಿ ನನಗೆ ಕುಬುಸ ಮಾಡಿ, ಮಡಿಲು ತುಂಬಿ, ಆಟೋದಲ್ಲಿ ತವರಿಗೆ ಕಳುಹಿಸಿದರು. ಪ್ರಯಾಣ ಎರಡು ನಿಮಿಷದ್ದು. ಅತ್ತೆಯವರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಮರುದಿನ ಬೆಳಿಗ್ಗೆ ಸೊಪ್ಪು ಕೊಳ್ಳಲು ಹೋಗುವಾಗ ನಮ್ಮ ಕಿಟಕಿಯಲ್ಲಿ ಇಣುಕಿ ಮಾತಾಡಿಸಿದರು.

ಮೂವತ್ತೈದನೆಯ ವಾರದ ಒಂದು ಮಧ್ಯಾಹ್ನ, ಕೂತಲ್ಲೇ ಸೀರೆ ಒದ್ದೆಯಾಯಿತು. ನೋವು ಸ್ವಲ್ಪವೂ ಇರಲಿಲ್ಲ. ಅಚ್ಚ ಕೆಂಪು ರಕ್ತ. ಅವ್ವ ಒಲೆ ಆರಿಸಿ, ಫೈಲು ಬಗಲಿಗಿಟ್ಟು, ಆಟೋ ನಿಲ್ಲಿಸಿದಳು. ಹತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು.

ನನ್ನನ್ನು ಹಿಂದೆಂದೂ ಕಂಡಿರದ ಸಿಸ್ಟರ್ ಒಬ್ಬರು, ಹೆರಿಗೆ ಶುರುವಾಗಿರಬೇಕೆಂದು, ಗರ್ಭಬಾಯಿ ಎಷ್ಟು ತೆರೆದಿದೆ ಎಂದು ನೋಡಲು ಕೈಗವಸು ಹಾಕಿಕೊಂಡರು. ಹೇಳಬೇಕಾದುದು ನನಗೆ ಎರಡು ಭಾಷೆಗಳಲ್ಲಿ ಗೊತ್ತಿತ್ತು. ವಾಕ್ಯವನ್ನು ಇನ್ನೂ ಜೋಡಿಸಿಕೊಳ್ಳುತ್ತಿದ್ದೆ.

“ಕೈ ಹಾಕಬ್ಯಾಡ್ರಿ. ಮಾಸು ಬಾಯಿಗೆ ಅಡ್ಡ ಐತೆ,” ಎಂದು ಅವ್ವ ಅವರ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ಫೈಲು ಮುಂದೆ ಚಾಚಿದ್ದಳು, ತಲೆಕೆಳಗಾಗಿ.

ಸಿಸ್ಟರ್ ಫೈಲನ್ನು ನೇರ ಮಾಡಿ ಓದಿ, ಕೈಗವಸು ಕಳಚಿ, ವೈದ್ಯೆಯನ್ನು ಕರೆಯಲು ಓಡಿದರು. ರಕ್ತ ನಿಲ್ಲಲಿಲ್ಲ, ಸಂಜೆಯೊಳಗೆ ಆಪರೇಷನ್ ಆಯಿತು, ನನಗೆ ಎರಡು ಬಾಟಲಿ ರಕ್ತ ಕೊಟ್ಟರು. ಎರಡು ಕಿಲೋ ಮೀರಿದ ಮಗಳು ಐದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ನನ್ನ ಮಗ್ಗುಲಿಗೆ ಬಂದಳು. ಡಿಸ್ಚಾರ್ಜ್ ದಿನ ಅತ್ತೆಯವರು ಬಾಣಂತಿಯನ್ನು ಯಾರ ಮನೆಗೆ ಕರೆದೊಯ್ಯುವುದೆಂದು ಮೆಲ್ಲನೆ ಕೇಳಿದರು. ಅವ್ವ ಆಟೋದವನಿಗೆ ತನ್ನ ಬಾಡಿಗೆ ಕೋಣೆಯ ದಾರಿ ಹೇಳಿದಳು.